ಇಬ್ಬರ ಹೆಸರೂ ಒಂದೇ ಟಿಕೆಟ್ಟಿನಲ್ಲಿರಲಿ

ರಿಸರ್ವೇಶನ್ ಕೌಂಟರಿನ ಪಕ್ಕದ ಗೋಡೆಯಲ್ಲಿ ಟಿಕೆಟ್ ರದ್ದತಿಯ ನಿಯಮಗಳ ನೋಟಿಸು ಇರುತ್ತದೆ. ಅಕ್ಷರ ಸಣ್ಣದು, ವಾಕ್ಯ ಉದ್ದ. ಸಾಲಿನಲ್ಲಿ ನಿಂತವರು ಅದರ ಕಡೆ ನೋಡುವುದು ಸರದಿ ಬೇಗ ಬರದಿದ್ದಾಗ ಮಾತ್ರ. ನಮ್ಮ ದೊಡ್ಡಮ್ಮ ಹಾಗಲ್ಲ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ, ನನ್ನ ಕಡೆ ತಿರುಗಿ, "ಇದರಲ್ಲಿ ಒಂದು ಸಾಲೂ ನನಗೆ ಹೇಳಿದ ಹಾಗಿಲ್ಲವಲ್ಲೋ" ಅಂದರು. ಎಪ್ಪತ್ತು ದಾಟಿದ ಅವರಿಗೂ ದೊಡ್ಡಪ್ಪನಿಗೂ ಬೆಂಗಳೂರಿನಿಂದ ಬೆಳಗಾವಿಗೆ ಹೋಗಬೇಕಿತ್ತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ದೊಡ್ಡಪ್ಪನ ಮಂಡಿ ನೋವು ಹೆಚ್ಚಾದರೆ ಹೋಗುವುದೇ ಬೇಡ ಎಂಬ ಮಾತೂ ಮನೆಯಲ್ಲಿ ನಡೆದಿತ್ತು. ಹಾಗಾಗಿ ಟಿಕೆಟ್ ಕೊಳ್ಳುವ ಮೊದಲೇ ಅದನ್ನು ವಾಪಸು ಮಾಡುವ ಲೆಕ್ಕ.

ಅವರ ಕೈಯಲ್ಲಿ ಎರಡು ಫಾರಂ ಇದ್ದವು. ಒಂದರಲ್ಲಿ ಅವರ ಹೆಸರು, ಇನ್ನೊಂದರಲ್ಲಿ ದೊಡ್ಡಪ್ಪನದು. "ಬೇರೆ ಬೇರೆ ಇದ್ದರೆ ಒಬ್ಬರದು ಕ್ಯಾನ್ಸಲ್ ಮಾಡೋಕೆ ಸುಲಭ ಅಲ್ವೇನೋ?" ಎಂಬುದು ಅವರ ತರ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ರೈಲ್ವೆಯ ನಿಯಮದಲ್ಲಿ ಲೆಕ್ಕ ಇದಕ್ಕೆ ತಿರುಗುಮುರುಗು. ಏಕೆ ಎಂದು ತಿಳಿಯಬೇಕಾದರೆ ಟಿಕೆಟ್ಟಿನ ಮೇಲೆ ಬರೆದಿರುವ ಸ್ಥಿತಿ ಏನನ್ನು ಹೇಳುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಕೌಂಟರಿನಿಂದ ಬಂದ ಟಿಕೆಟ್ಟಿನಲ್ಲಿ ಹೆಸರಿನ ಮುಂದೆ ಮೂರರಲ್ಲಿ ಒಂದು ಇರುತ್ತದೆ. CNF ಎಂದಿದ್ದರೆ ಬರ್ತ್ ನಿಮ್ಮದು. RAC ಎಂದಿದ್ದರೆ ರೈಲು ಹತ್ತುವ ಹಕ್ಕು ಉಂಟು, ಕೂರಲು ಜಾಗ ಉಂಟು, ಮಲಗಲು ಇಲ್ಲ. ಪಕ್ಕದ ಸಾಲಿನ ಕೆಳಗಿನ ಬರ್ತನ್ನು ಇಬ್ಬರಿಗೆ ಹಂಚಿ ಕೂರಿಸುತ್ತಾರೆ. ಸ್ಲೀಪರ್ ಡಬ್ಬಿಯಲ್ಲಿ 7, 15, 23, 31 ಹೀಗೆ ಎಂಟೆಂಟು ಕೂಡಿಸುತ್ತ ಹೋಗುವ ನಂಬರುಗಳು ಈ ಸೈಡ್ ಲೋಯರ್ ಬರ್ತುಗಳು. ದುಡ್ಡು ಮಾತ್ರ ಪೂರ್ತಿ ಬರ್ತಿನದೇ. WL ಎಂದಿದ್ದರೆ ಸದ್ಯಕ್ಕೆ ಏನೂ ಇಲ್ಲ, ಸರದಿಯಲ್ಲಿ ಒಂದು ಸ್ಥಾನ ಅಷ್ಟೆ.

ಈ ಸರದಿಯನ್ನು GNWL 34/WL 11 ಎಂಬಂತೆ ಎರಡು ಸಂಖ್ಯೆಗಳಲ್ಲಿ ತೋರಿಸುತ್ತಾರೆ. ಮೊದಲಿನ 34 ಟಿಕೆಟ್ ಕೊಂಡ ದಿನದ ಸ್ಥಾನ. ಅದು ಬದಲಾಗುವುದಿಲ್ಲ. ಕೊನೆಯ 11 ಇವತ್ತಿನ ಸ್ಥಾನ. ನಡುವೆ ನಿಮಗಿಂತ ಮುಂದಿದ್ದ 23 ಜನರ ದಾರಿ ಬಗೆಹರಿದಿದೆ ಎಂದರ್ಥ. ದೊಡ್ಡಮ್ಮನ ಪರಿಚಯದವರೊಬ್ಬರು ಮೊದಲಿನ ಸಂಖ್ಯೆಯನ್ನೇ ನೋಡುತ್ತ, "ತಿಂಗಳಾದರೂ ಜರುಗಲೇ ಇಲ್ಲ" ಎಂದು ಟಿಕೆಟ್ ವಾಪಸು ಕೊಟ್ಟಿದ್ದರಂತೆ. ನೋಡಬೇಕಾದ್ದು ಕೊನೆಯದನ್ನು. ಸ್ಲೀಪರಿನಲ್ಲಿ ಸಾಮಾನ್ಯವಾಗಿ ಈ ಸಂಖ್ಯೆ ಇಳಿಯುತ್ತ ಬಂದು ಮೊದಲು RAC ಆಗುತ್ತದೆ, ಆಮೇಲೆ CNF. ಗಂಡ ಹೆಂಡತಿ ಒಂದೇ ಟಿಕೆಟ್ಟಿನಲ್ಲಿ 33 ಮತ್ತು 34 ಆಗಿದ್ದರೆ ಕೊನೆಗೆ ಒಬ್ಬರಿಗೆ ಬರ್ತ್, ಒಬ್ಬರಿಗೆ RAC ಎಂದು ನಿಲ್ಲುವುದು ಅಪರೂಪವೇನಲ್ಲ. ಗೋಡೆಯ ನೋಟಿಸಿನಲ್ಲಿ ಅತಿ ಕಡಿಮೆ ಜನ ಓದುವ ಸಾಲು ಇಂಥ ಟಿಕೆಟ್ಟಿನದೇ.

ಆ ಸಾಲಿಗೆ ಹೋಗುವ ಮುಂಚೆ ಸಾಮಾನ್ಯ ಟಿಕೆಟ್ಟುಗಳ ಕಥೆ ಮುಗಿಸೋಣ. ಆ ಗೋಡೆಯ ನೋಟಿಸಿನಲ್ಲಿದ್ದದ್ದು 2015ರ ನವೆಂಬರ್ 12ರಿಂದ ಜಾರಿಗೆ ಬಂದ ಮರುಪಾವತಿ ನಿಯಮ. ಕನ್ಫರ್ಮ್ ಟಿಕೆಟ್ಟಿಗೆ ಅದು ಮೂರು ಗಡಿ ಹಾಕಿತ್ತು. ರೈಲು ಹೊರಡುವುದಕ್ಕೆ 48 ಗಂಟೆಗಿಂತ ಮುಂಚೆ ರದ್ದು ಮಾಡಿದರೆ ತಲೆಗೆ ಇಂತಿಷ್ಟು ಎಂದು ಕಡಿತ. ಸ್ಲೀಪರಿಗೆ 120 ರೂಪಾಯಿ, ಮೂರನೇ ಎಸಿಗೆ 180, ಎರಡನೇ ಎಸಿಗೆ 200. ಎಸಿ ದರ್ಜೆಗೆ ಇದರ ಮೇಲೆ ಜಿಎಸ್‌ಟಿ. 48ರಿಂದ 12 ಗಂಟೆಯೊಳಗೆ ಆದರೆ ದರದ ಕಾಲುಭಾಗ ಹೋಗುತ್ತಿತ್ತು. 12ರಿಂದ 4 ಗಂಟೆಯೊಳಗೆ ಅರ್ಧ. 4 ಗಂಟೆಯೂ ಉಳಿದಿಲ್ಲವೆಂದರೆ ಬಿಡಿಗಾಸೂ ಇರಲಿಲ್ಲ.

ಕಾಲುಭಾಗ ಎಂದ ಕಡೆ ಒಂದು ಕೊಕ್ಕೆ ಇದೆ. ಕಾಲುಭಾಗ ಅಥವಾ ಆ ಇಂತಿಷ್ಟು ಮೊತ್ತ, ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ಸ್ಲೀಪರ್ ಟಿಕೆಟ್ಟಿನ ದರ 400 ರೂಪಾಯಿ ಎಂದಿಟ್ಟುಕೊಳ್ಳಿ. ಕಾಲುಭಾಗ 100 ಆಗುತ್ತದೆ, ಆದರೆ ಕನಿಷ್ಠ 120 ಇರುವುದರಿಂದ ಕಡಿತ 120. ದೊಡ್ಡಮ್ಮ ಇಲ್ಲಿ ತಕ್ಷಣ ಹಿಡಿದರು: "ಹಾಗಾದರೆ ಎರಡು ದಿನ ಮುಂಚೆ ಕ್ಯಾನ್ಸಲ್ ಮಾಡಿದರೂ ಒಂದೇ, ಹಿಂದಿನ ದಿನ ಮಾಡಿದರೂ ಒಂದೇ?" ಅಷ್ಟು ಅಗ್ಗದ ಟಿಕೆಟ್ಟಿಗೆ ಒಂದೇ. ದರ ಸಾವಿರ ದಾಟಿದ ಎಸಿ ಟಿಕೆಟ್ಟಿಗೆ ಹಾಗಲ್ಲ.

ಈ ಗಂಟೆಗಳ ಗಡಿಯನ್ನು ರೈಲ್ವೆ ಆಗಾಗ ಬದಲಿಸುತ್ತದೆ, ಕೆಲವು ರೈಲುಗಳಿಗೆ ಬೇರೆಯೇ ಇಡುತ್ತದೆ. ವಂದೇ ಭಾರತ್ ಸ್ಲೀಪರ್ ರೈಲುಗಳಿಗೆ ಶುರುವಿನಲ್ಲೇ ಬಿಗಿಯಾದ ಗಡಿ ಹಾಕಿದರು: 72 ಗಂಟೆ ಮುಂಚೆ ರದ್ದು ಮಾಡಿದರೂ ಕಾಲುಭಾಗ ಕಡಿತ, 8 ಗಂಟೆಯೊಳಗೆ ಬಂದರೆ ಏನೂ ಇಲ್ಲ. ಆದ್ದರಿಂದ ಗೋಡೆಯ ನೋಟಿಸು ಓದುವಾಗ ಮೊದಲು ಅದರ ಕೆಳಗಿನ ತಾರೀಖು ನೋಡಿ. ಹಳೆಯದೆನಿಸಿದರೆ ಟಿಕೆಟ್ ಕೊಳ್ಳುವಾಗಲೇ ಗುಮಾಸ್ತರನ್ನು, "ಈ ರೈಲಿಗೆ ಎಷ್ಟು ಗಂಟೆಯೊಳಗೆ ಬಂದರೆ ಏನೂ ಸಿಗಲ್ಲ?" ಎಂದು ಕೇಳಿಬಿಡಿ.

RAC ಮತ್ತು ವೇಟಿಂಗ್ ಲಿಸ್ಟಿನವರಿಗೆ ಈ ಕಾಲು, ಅರ್ಧಗಳ ಕಾಟವಿಲ್ಲ. ರೈಲು ಹೊರಡುವ ವೇಳೆಗೆ 30 ನಿಮಿಷ ಮುಂಚಿನವರೆಗೂ ಟಿಕೆಟ್ ಹಿಂದಿರುಗಿಸಬಹುದು. ತಲೆಗೆ 60 ರೂಪಾಯಿ ಕ್ಲರ್ಕೇಜ್ ಮುರಿದುಕೊಂಡು ಮಿಕ್ಕದ್ದನ್ನು ಕೊಡುತ್ತಾರೆ, ಎಸಿಯಾದರೆ ಅದಕ್ಕೂ ಜಿಎಸ್‌ಟಿ ಸೇರುತ್ತದೆ. ಇಲ್ಲಿ ವೇಳೆ ಎಂದರೆ ವೇಳಾಪಟ್ಟಿಯ ವೇಳೆ. ರಾತ್ರಿ 11ರ ರೈಲು ಅರ್ಧ ಗಂಟೆ ತಡ ಎಂದು ಬೋರ್ಡಿನಲ್ಲಿ ಬಂದರೂ ಗಡಿ 10.30ಕ್ಕೇ ಮುಗಿಯಿತು.

ಈಗ ಆ ಒಂದು ಸಾಲಿಗೆ ಬರೋಣ. ಒಂದೇ ಟಿಕೆಟ್ಟಿನಲ್ಲಿ ಒಬ್ಬರಿಗಿಂತ ಹೆಚ್ಚು ಜನರಿದ್ದು, ಕೆಲವರದು ಕನ್ಫರ್ಮ್ ಆಗಿ, ಉಳಿದವರದು RAC ಅಥವಾ ವೇಟಿಂಗ್ ಆಗಿ ನಿಂತರೆ, ಇಡೀ ಟಿಕೆಟ್ಟನ್ನು ಹೊರಡುವ ವೇಳೆಗೆ 30 ನಿಮಿಷ ಮುಂಚಿನವರೆಗೆ ಹಿಂದಿರುಗಿಸಬಹುದು. ಆಗ ಕನ್ಫರ್ಮ್ ಆದವರಿಗೂ ಕ್ಲರ್ಕೇಜ್ ಮಾತ್ರ ಮುರಿದು ಪೂರ್ತಿ ಹಣ ಕೊಡಬೇಕು. ನಿಯಮದ ನ್ಯಾಯ ಸರಳ: ಜೊತೆಯಾಗಿ ಹೊರಟವರಲ್ಲಿ ಒಬ್ಬರಿಗೆ ಜಾಗ ಸಿಗದಿದ್ದರೆ ಇನ್ನೊಬ್ಬರು ಹೋಗಲೇಬೇಕು ಎಂದು ರೈಲ್ವೆ ಒತ್ತಾಯಿಸುವುದಿಲ್ಲ. ಆದರೆ ಇವರು ಜೊತೆಯವರು ಎಂದು ರೈಲ್ವೆಯ ಕಂಪ್ಯೂಟರಿಗೆ ತಿಳಿಯುವುದು ಒಂದೇ ಪಿಎನ್‌ಆರ್ ನಂಬರಿನಿಂದ. ಐವತ್ತು ವರ್ಷ ಸಂಸಾರ ಮಾಡಿದ್ದರೂ ಎರಡು ಟಿಕೆಟ್ ಕೊಂಡರೆ ಅದರ ಲೆಕ್ಕದಲ್ಲಿ ಇಬ್ಬರೂ ಅಪರಿಚಿತರು.

ದೊಡ್ಡಮ್ಮನಿಗೆ ಇದನ್ನು ರೂಪಾಯಿಯಲ್ಲಿ ಹೇಳಬೇಕಾಯಿತು. ರೈಲು ರಾತ್ರಿ 11ಕ್ಕೆ, ದರ ತಲಾ 400. ಚಾರ್ಟ್ ಆದಾಗ ಅವರಿಗೆ S5ರಲ್ಲಿ 17, ಅಂದರೆ ಕೆಳಗಿನ ಬರ್ತ್ ಸಿಕ್ಕಿತು. ದೊಡ್ಡಪ್ಪನದು RAC, ಅದೇ ಡಬ್ಬಿಯ 23ನೇ ನಂಬರಿನಲ್ಲಿ ಯಾರದೋ ಜೊತೆ ಅರ್ಧ ಜಾಗ. ಮಂಡಿ ನೋವಿನ ಮನುಷ್ಯ ಕಾಲು ಇಳಿಬಿಟ್ಟುಕೊಂಡು ರಾತ್ರಿಯಿಡೀ ಕೂರಲಾರರು. ರಾತ್ರಿ 8 ಗಂಟೆಗೆ, "ಬೇಡಪ್ಪಾ, ಇಬ್ಬರೂ ಹೋಗೋದು ಬೇಡ" ಎಂದು ತೀರ್ಮಾನವಾಯಿತು ಎನ್ನಿ.

ಎರಡು ಟಿಕೆಟ್ ಇದ್ದರೆ ದೊಡ್ಡಪ್ಪನ ಟಿಕೆಟ್ಟಿಗೆ 60 ಮುರಿದು 340 ಬರುತ್ತದೆ. ದೊಡ್ಡಮ್ಮನದು ಕನ್ಫರ್ಮ್, ಗಡಿ ಆಗಲೇ ಮುಗಿದಿದೆ, ಆದ್ದರಿಂದ ಸೊನ್ನೆ. 800ರಲ್ಲಿ ಕೈಗೆ ಬಂದದ್ದು 340. ಇದೇ ತೀರ್ಮಾನ ಮಧ್ಯಾಹ್ನ 2ಕ್ಕೆ ಆಗಿದ್ದರೂ ಅವರದರಲ್ಲಿ ಅರ್ಧ ಹೋಗಿ ಒಟ್ಟು 540. ಒಂದೇ ಟಿಕೆಟ್ಟಿನಲ್ಲಿ ಇಬ್ಬರ ಹೆಸರಿದ್ದರೆ ಎರಡು ಅರವತ್ತು ಮುರಿದು 680. ಅದೂ ರಾತ್ರಿ 10.30ರ ತನಕ.

"ಅವರದು ಮಾತ್ರ ಬೇಡ, ನಾನೊಬ್ಬಳೇ ಹೋಗ್ತೀನಿ ಅಂದರೆ?" ಎಂದು ದೊಡ್ಡಮ್ಮ ಮೊದಲಿನ ತರ್ಕಕ್ಕೇ ಬಂದರು. ಅದಕ್ಕೂ ಒಂದೇ ಟಿಕೆಟ್ ಅಡ್ಡಿಯಲ್ಲ. ಕೌಂಟರಿನಲ್ಲಿ ದೊಡ್ಡಪ್ಪನ ಹೆಸರನ್ನು ಮಾತ್ರ ತೆಗೆಸಬಹುದು. ಅವರ ಪಾಲಿನ 60 ಹೋಗುತ್ತದೆ, ದೊಡ್ಡಮ್ಮನ 17ನೇ ನಂಬರಿಗೆ ಕೈ ತಾಕುವುದಿಲ್ಲ. ಅಂದಮೇಲೆ ಬೇರೆ ಟಿಕೆಟ್ಟಿನಿಂದ ಸಿಗುವ ಅನುಕೂಲ ಯಾವುದೂ ಉಳಿಯಲಿಲ್ಲ. ಅವರು ಒಂದು ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡರು.

ಆದರೆ ಒಂದೇ ಟಿಕೆಟ್ ಎಂದು ಮನೆಮಂದಿಯನ್ನೆಲ್ಲ ಅದರಲ್ಲಿ ತುಂಬಬೇಡಿ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಪ್ರತ್ಯೇಕ ಕೋಟಾ ಇದೆ. ಒಬ್ಬರೇ ಅಥವಾ ಇಂಥ ಇಬ್ಬರೇ ಒಂದು ಟಿಕೆಟ್ಟಿನಲ್ಲಿದ್ದಾಗ ಮಾತ್ರ ಅದು ಅನ್ವಯ. ಇಪ್ಪತ್ತರ ಮೊಮ್ಮಗನ ಹೆಸರು ಸೇರಿತೋ, ಕಂಪ್ಯೂಟರು ಆ ಕೋಟಾವನ್ನು ಪರಿಗಣಿಸುವುದೇ ಇಲ್ಲ. ಅಜ್ಜ ಅಜ್ಜಿ ಒಂದು ಟಿಕೆಟ್, ಹುಡುಗರು ಇನ್ನೊಂದು ಎಂಬುದು ನನ್ನ ಸಲಹೆ.

ಇಷ್ಟೆಲ್ಲ ಹೇಳಿದ್ದು ಕೌಂಟರಿನಲ್ಲಿ ಕೊಂಡ ಟಿಕೆಟ್ಟಿಗೆ. ಮೊಬೈಲಿನಲ್ಲಿ ಅಥವಾ ಬೀದಿ ಕೊನೆಯ ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಸಿದ್ದಕ್ಕೆ ದರಗಳು ಅವೇ, ನಡೆಯುವ ರೀತಿ ಬೇರೆ. ಅನೇಕ ಹಿರಿಯರಿಗೆ ತಮ್ಮ ಕೈಯಲ್ಲಿರುವುದು ಯಾವುದು ಎಂದೇ ತಿಳಿದಿರುವುದಿಲ್ಲ, ಏಕೆಂದರೆ ಅಂಗಡಿಯವನೂ ಕಾಗದವನ್ನೇ ಕೊಟ್ಟಿರುತ್ತಾನೆ. ಗುರುತು ಹಿಡಿಯುವುದು ಸುಲಭ. ಕೌಂಟರಿನ ಟಿಕೆಟ್ಟು ರೈಲ್ವೆ ಮೊದಲೇ ಅಚ್ಚು ಹಾಕಿಸಿಟ್ಟ ಬಣ್ಣದ ಚೀಟಿ. ಸಾಧಾರಣ ಬಿಳಿ ಹಾಳೆಯ ತಲೆಯಲ್ಲಿ Electronic Reservation Slip ಎಂದಿದ್ದರೆ ಅದು ಇ-ಟಿಕೆಟ್. ಅದನ್ನು ಹಿಡಿದುಕೊಂಡು ಕೌಂಟರಿಗೆ ಹೋದರೆ ಗುಮಾಸ್ತರು ತಲೆಯಾಡಿಸುತ್ತಾರೆ ಅಷ್ಟೆ.

ವ್ಯತ್ಯಾಸ ಎದ್ದು ಕಾಣುವುದು ಎಲ್ಲರದೂ ವೇಟಿಂಗ್‌ನಲ್ಲೇ ಉಳಿದಾಗ. ಇ-ಟಿಕೆಟ್ಟಿನಲ್ಲಿ ಒಬ್ಬರದೂ ಆಗದೆ ಚಾರ್ಟ್ ಸಿದ್ಧವಾದರೆ ಟಿಕೆಟ್ಟು ತಾನಾಗಿ ಬಿದ್ದುಹೋಗುತ್ತದೆ, ಹಣ ಕ್ಲರ್ಕೇಜ್ ಕಳೆದು ತಾನಾಗಿ ವಾಪಸಾಗುತ್ತದೆ. ಆಮೇಲೆ ಅದನ್ನು ಹಿಡಿದು ರೈಲು ಹತ್ತಿದರೆ ಟಿಕೆಟ್ ಇಲ್ಲದ ಪ್ರಯಾಣಿಕರೆಂದೇ ಲೆಕ್ಕ. ಕೌಂಟರಿನ ವೇಟಿಂಗ್ ಟಿಕೆಟ್ಟು ಹಾಗೆ ತಾನಾಗಿ ರದ್ದಾಗುವುದಿಲ್ಲ. ಅದನ್ನು ಹಿಡಿದು ಜನರಲ್ ಡಬ್ಬಿಯಲ್ಲಿ ಹೋಗಬಹುದು, ಸ್ಲೀಪರಿನಲ್ಲಿ ಕೂರುವ ಹಕ್ಕಿಲ್ಲ. ಹೋಗದಿದ್ದರೆ ನೀವೇ ಅರ್ಧ ಗಂಟೆ ಮುಂಚೆ ರದ್ದು ಮಾಡಬೇಕು. "ಆಗಲಿಲ್ಲವಲ್ಲ, ದುಡ್ಡು ಬರುತ್ತೆ" ಎಂದು ಮನೆಯಲ್ಲಿ ಕೂತರೆ ಬರುವುದಿಲ್ಲ. ಮೊಮ್ಮಕ್ಕಳ ಮೊಬೈಲಿನ ಟಿಕೆಟ್ಟಿನ ಅನುಭವವನ್ನು ಕೌಂಟರಿನ ಟಿಕೆಟ್ಟಿಗೂ ಹಚ್ಚಿಕೊಂಡು ಹಣ ಕಳೆದುಕೊಳ್ಳುವವರು ಹೆಚ್ಚಾಗಿ ಹಿರಿಯರೇ.

ದೊಡ್ಡಮ್ಮ, ದೊಡ್ಡಪ್ಪನಂಥ ಅರ್ಧ ಆಗಿ ಅರ್ಧ ಆಗದ ಟಿಕೆಟ್ಟು ಇ-ಟಿಕೆಟ್ ಆಗಿದ್ದರೆ ಅದು ತಾನಾಗಿ ರದ್ದಾಗುವುದಿಲ್ಲ. ಚಾರ್ಟ್ ಆದಮೇಲೆ ಮಾಮೂಲಿಯಾಗಿ ಕ್ಯಾನ್ಸಲ್ ಒತ್ತಲೂ ಆಗುವುದಿಲ್ಲ. ಆಗ ಐಆರ್‌ಸಿಟಿಸಿ ತಾಣದಲ್ಲಿ ಟಿಡಿಆರ್ ಎಂಬ ಅರ್ಜಿ ಹಾಕಬೇಕು. ಕಾರಣಗಳ ಪಟ್ಟಿಯಲ್ಲಿ, ಒಟ್ಟಿಗೆ ಹೊರಟವರಲ್ಲಿ ಕೆಲವರದು ಮಾತ್ರ ಕನ್ಫರ್ಮ್ ಆಗಿ ಯಾರೂ ಪ್ರಯಾಣ ಮಾಡಲಿಲ್ಲ ಎಂಬುದನ್ನು ಆರಿಸಬೇಕು. ಗಡಿ ಇಲ್ಲಿಯೂ ಅದೇ 30 ನಿಮಿಷ. ಮರುದಿನ ಬೆಳಿಗ್ಗೆ ನಿಧಾನವಾಗಿ ಹಾಕಿದ ಅರ್ಜಿಗೆ ಕನ್ಫರ್ಮ್ ಆದವರ ಪಾಲು ಬರುವುದಿಲ್ಲ.

ಇ-ಟಿಕೆಟ್ಟಿನ ಹಣ ಯಾವ ಖಾತೆಯಿಂದ ಹೋಗಿತ್ತೋ ಆ ಖಾತೆಗೇ ಬರುತ್ತದೆ. ನೀವು ಅಂಗಡಿಯವನ ಕೈಗೆ ನೋಟು ಕೊಟ್ಟು, ಅವನು ತನ್ನ ಖಾತೆಯಿಂದ ಕಟ್ಟಿದ್ದರೆ ಹಣ ಬರುವುದು ಅವನಿಗೆ. ಕೊಡುವಷ್ಟು ಪ್ರಾಮಾಣಿಕರು ಬೇಕಾದಷ್ಟಿದ್ದಾರೆ, ಆದರೆ ಬಂದಿದೆ ಎಂದು ನಿಮಗೆ ತಿಳಿಯುವ ದಾರಿಯೇ ಇಲ್ಲ. ಮೊಬೈಲ್ ಇಲ್ಲದ, ಬ್ಯಾಂಕಿಗೆ ಹೋಗಲಾರದ ಹಿರಿಯರಿಗೆ ಕೌಂಟರಿನ ಬಣ್ಣದ ಚೀಟಿಯೇ ಮೇಲು ಎಂದು ನಾನು ಹೇಳುವುದು ಇದಕ್ಕೇ.

ಆ ಚೀಟಿಗೂ ಒಂದು ತೊಂದರೆ ಉಂಟು. ರಾತ್ರಿ 8ಕ್ಕೆ ಮಳೆಯಲ್ಲಿ ಆಟೋ ಹಿಡಿದು ಕೌಂಟರಿಗೆ ಹೋಗುವವರು ಯಾರು? ಅದಕ್ಕೆ ದಾರಿ ಟಿಕೆಟ್ ಕೊಳ್ಳುವ ಫಾರಂನಲ್ಲೇ ಇದೆ, ಮೊಬೈಲ್ ನಂಬರಿನ ಜಾಗದಲ್ಲಿ. ದೊಡ್ಡಮ್ಮ ಅದನ್ನು ಖಾಲಿ ಬಿಟ್ಟಿದ್ದರು, "ನಂಬರ್ ಯಾಕೆ, ಆಮೇಲೆ ಯಾರ್‍ಯಾರೋ ಫೋನ್ ಮಾಡ್ತಾರೆ" ಎಂದು. ಆ ಜಾಗ ತುಂಬಿದ್ದರೆ ಕೌಂಟರಿನ ಟಿಕೆಟ್ಟನ್ನೂ ಮನೆಯಿಂದಲೇ ಐಆರ್‌ಸಿಟಿಸಿ ತಾಣದಲ್ಲಿ ಅಥವಾ 139ಕ್ಕೆ ಕರೆ ಮಾಡಿ ರದ್ದು ಮಾಡಬಹುದು. ಖಾತ್ರಿಗಾಗಿ ಓಟಿಪಿ ಬರುವುದು ಫಾರಂನಲ್ಲಿ ಬರೆದ ನಂಬರಿಗೆ. ಹಣ ಮಾತ್ರ ಆಮೇಲೆ ಕೌಂಟರಿಗೆ ಹೋಗಿ ಮೂಲ ಟಿಕೆಟ್ ಕೊಟ್ಟೇ ತೆಗೆದುಕೊಳ್ಳಬೇಕು. ಖಾಲಿ ಬಿಟ್ಟರೆ ಈ ದಾರಿ ಮುಚ್ಚಿದ ಹಾಗೆ. ಬೇರೆ ಊರಿನಲ್ಲಿರುವ ಮಗನ ನಂಬರು ಬರೆದರೆ, ಬೇಕಾದ ಹೊತ್ತಿಗೆ ಅವನು ಫೋನ್ ಎತ್ತಬೇಕು. ಹತ್ತಿರವಿರುವ ನಂಬರೇ ಒಳ್ಳೆಯದು.

ಚಾರ್ಟ್ ಯಾವಾಗ ಆಗುತ್ತದೆ ಎಂಬುದೂ ಈಗ ಬದಲಾಗಿದೆ. ವರ್ಷಗಟ್ಟಲೆ ಅದು ರೈಲು ಹೊರಡುವುದಕ್ಕೆ 4 ಗಂಟೆ ಮುಂಚೆ ಸಿದ್ಧವಾಗುತ್ತಿತ್ತು. 2025ರ ಜುಲೈನಿಂದ ಅದನ್ನು ಬಹಳ ಮುಂದಕ್ಕೆ ತಂದಿದ್ದಾರೆ. ಬೆಳಗಿನ ರೈಲಿನ ಚಾರ್ಟ್ ಹಿಂದಿನ ರಾತ್ರಿಯೇ ಆಗುತ್ತದೆ, ರಾತ್ರಿಯ ರೈಲಿನದು ಮಧ್ಯಾಹ್ನದ ಹೊತ್ತಿಗೆ. ವಯಸ್ಸಾದವರಿಗೆ ಇದು ಒಳ್ಳೆಯದೇ ಆಯಿತು. ಹೋಗುವುದೋ ಇಲ್ಲವೋ ಎಂದು ಚೀಲ ಕಟ್ಟಿಕೊಂಡು ಸಂಜೆಯವರೆಗೆ ಕಾಯುವುದು ತಪ್ಪಿತು, ನಿಲ್ದಾಣಕ್ಕೆ ಹೋಗಿ ವಾಪಸು ಬರುವುದೂ ತಪ್ಪಿತು.

ತತ್ಕಾಲ್ ಬಗ್ಗೆ ಒಂದೇ ಮಾತು: ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ಟನ್ನು ನೀವಾಗಿ ರದ್ದು ಮಾಡಿದರೆ ಏನೂ ಬರುವುದಿಲ್ಲ. ಹೋಗುವುದು ಖಾತ್ರಿ ಇಲ್ಲದ ಮಂಡಿ ನೋವಿನವರಿಗೆ ಅದು ತಕ್ಕದ್ದಲ್ಲ.

ತಪ್ಪು ರೈಲ್ವೆಯದಾದರೆ ಈ ಕಡಿತಗಳಾವುವೂ ಇಲ್ಲ. ನೀವು ಹತ್ತುವ ನಿಲ್ದಾಣಕ್ಕೆ ರೈಲು 3 ಗಂಟೆಗಿಂತ ಹೆಚ್ಚು ತಡವಾದರೆ, ಪ್ರಯಾಣ ಮಾಡದೆ ಟಿಕೆಟ್ ಹಿಂದಿರುಗಿಸಿ ಪೂರ್ತಿ ಹಣ ಪಡೆಯಬಹುದು. ಕ್ಲರ್ಕೇಜೂ ಇಲ್ಲ, ತತ್ಕಾಲ್ ಆದರೂ ಸರಿ. ಆದರೆ ರೈಲು ನಿಜವಾಗಿ ಹೊರಡುವ ಮುಂಚೆ ಟಿಕೆಟ್ ಒಪ್ಪಿಸಬೇಕು, ಇ-ಟಿಕೆಟ್ ಆದರೆ ಅಷ್ಟರೊಳಗೆ ಟಿಡಿಆರ್ ಹಾಕಬೇಕು. ರೈಲೇ ರದ್ದಾದರೆ ಇ-ಟಿಕೆಟ್ಟಿನ ಹಣ ತಾನಾಗಿ ಬರುತ್ತದೆ. ಕೌಂಟರಿನ ಟಿಕೆಟ್ಟಿನದು ಬರುವುದಿಲ್ಲ. ಹೊರಡಬೇಕಿದ್ದ ದಿನ ಬಿಟ್ಟು ಮೂರು ದಿನದೊಳಗೆ ಕೌಂಟರಿಗೆ ಒಯ್ದು ಕೊಡಬೇಕು, ಮೂಲ ಚೀಟಿಯನ್ನೇ. ಅಲ್ಲಿಯವರೆಗೆ ಅದನ್ನು ಎಸೆಯಬೇಡಿ.